ಎಲ್ಲರೂ ಯಾಕೆ ಸೈಡಿಗೇ ನೋಡ್ತಾರೆ?

ಹೋದ ತಿಂಗಳು ಅಕ್ಕನ ಮಗಳು ಎರಡು ದಿನ ನಮ್ಮ ಮನೆಯಲ್ಲಿದ್ದಳು. ವಯಸ್ಸು ಏಳು. ಹೊರಗೆ ಮಳೆ, ಕೈಯಲ್ಲಿ ಮೊಬೈಲ್ ಕೊಟ್ಟರೆ ಅಕ್ಕ ಬೈತಾಳೆ. ಸರಿ, ಒಂದು ಸಿನಿಮಾನಾದ್ರೂ ಒಟ್ಟಿಗೆ ನೋಡೋಣ ಅಂತ ಲ್ಯಾಪ್‌ಟಾಪ್ ತೆಗೆದು 'ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಖ್ಮೆದ್' ಹಾಕಿದೆ. 1926ರ ಜರ್ಮನ್ ಚಿತ್ರ. ಮಾತಿಲ್ಲ, ಬಣ್ಣ ಅಂದರೆ ಇಡೀ ಚೌಕಟ್ಟಿಗೆ ಒಂದೇ ನೀಲಿ ಅಥವಾ ಒಂದೇ ಹಳದಿ, ಪಾತ್ರಗಳೆಲ್ಲ ಕಪ್ಪು ಕಾಗದದ ತುಂಡುಗಳು. ಹತ್ತು ನಿಮಿಷಕ್ಕೆ ಎದ್ದು ಹೋಗ್ತಾಳೆ ಅಂದುಕೊಂಡಿದ್ದೆ. ಹೋಗಲಿಲ್ಲ. ಆದರೆ ಐದನೇ ನಿಮಿಷಕ್ಕೆ ಒಂದು ಪ್ರಶ್ನೆ ಕೇಳಿದಳು.

"ಚಿಕ್ಕಿ, ಇವರೆಲ್ಲ ಯಾಕೆ ಸೈಡಿಗೇ ನೋಡ್ತಾರೆ?"

ನಾನು ಈ ಸಿನಿಮಾವನ್ನು ಅದಕ್ಕೆ ಮುಂಚೆ ಮೂರು ಸಲ ನೋಡಿದ್ದೆ. ಸ್ನೇಹಿತರಿಗೆಲ್ಲ ನೋಡಿ ನೋಡಿ ಅಂತ ಹೇಳಿಕೊಂಡು ತಿರುಗಿದ್ದೆ. ಈ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ. ಆಮೇಲೆ ಹೊಳೆದದ್ದು ಏನಂದರೆ, ಈ ಚಿತ್ರದಲ್ಲಿ ನನಗೆ ತುಂಬ ಇಷ್ಟವಾಗುವುದಕ್ಕೂ, ಪ್ರತಿಸಲ ನೋಡುವಾಗ ಹೊಟ್ಟೆಯೊಳಗೆ ಸಣ್ಣಗೆ ಕಿರಿಕಿರಿ ಮಾಡುವುದಕ್ಕೂ ಈ ಒಂದೇ ಪ್ರಶ್ನೆಯಲ್ಲಿ ಉತ್ತರ ಇದೆ.

ಮೊದಲು ಚಿತ್ರದ ಬಗ್ಗೆ ಎರಡು ಮಾತು. ಮಾಡಿದವಳು ಲೊಟೆ ರೈನಿಗರ್, ಹುಟ್ಟಿದ್ದು 1899ರಲ್ಲಿ. ಚಿಕ್ಕ ವಯಸ್ಸಿನಿಂದ ಅವಳ ಕೈಗೆ ಕತ್ತರಿ ಒಗ್ಗಿಬಿಟ್ಟಿತ್ತು. ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳದೆ ಕಾಗದವನ್ನು ಸೀದಾ ಕತ್ತರಿಸಿ ಆಕಾರ ತೆಗೆಯುತ್ತಿದ್ದಳು. 1923ರಲ್ಲಿ, ಜರ್ಮನಿಯಲ್ಲಿ ದುಡ್ಡು ದಿನದಿನಕ್ಕೆ ಬೆಲೆ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಲೂಯಿ ಹಾಗೆನ್ ಎಂಬ ಬ್ಯಾಂಕರ್ ತನ್ನ ಹಣವನ್ನು ಫಿಲಂ ರೋಲುಗಳಲ್ಲಿ ಹಾಕಿಟ್ಟಿದ್ದ. ಆ ರೋಲು ಇಟ್ಟುಕೊಂಡು ಪೂರ್ತಿ ಉದ್ದದ ಸಿನಿಮಾ ಮಾಡ್ತೀಯಾ ಅಂತ ಅವಳನ್ನು ಕೇಳಿದ. ಅನಿಮೇಷನ್ ಅಂದರೆ ಐದು ಹತ್ತು ನಿಮಿಷದ ತಮಾಷೆ ಅಂತ ಜನ ಅಂದುಕೊಂಡಿದ್ದ ಕಾಲ ಅದು. ಪಾಟ್ಸ್‌ಡಾಮ್‌ನಲ್ಲಿದ್ದ ಅವನ ಮನೆಯ ಗ್ಯಾರೇಜಿನ ಮೇಲಿನ ಅಟ್ಟದಲ್ಲಿ ಕೆಲಸ ಶುರುವಾಯಿತು. ಮೂರು ವರ್ಷ ಹಿಡಿಯಿತು. ಗಂಡ ಕಾರ್ಲ್ ಕೋಖ್ ಕ್ಯಾಮೆರಾ ಹಿಂದೆ, ಜೊತೆಗೆ ಕೆಲವೇ ಕೆಲವು ಸಹಾಯಕರು. ಡಿಸ್ನಿಯ 'ಸ್ನೋ ವೈಟ್' ಬಂದದ್ದು ಇದಾಗಿ ಹನ್ನೊಂದು ವರ್ಷಕ್ಕೆ. ಇಂದು ನಮಗೆ ನೋಡಲು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಕತೆ ಅರೇಬಿಯನ್ ನೈಟ್ಸ್‌ನದು. ಒಂದೇ ಕತೆ ಅಲ್ಲ, ಹಲವು ಕತೆಗಳನ್ನು ಒಂದು ದಾರಕ್ಕೆ ಪೋಣಿಸಿದ್ದು. ಮಾಂತ್ರಿಕನೊಬ್ಬ ಹಾರುವ ಕುದುರೆ ಮಾಡಿ ಖಲೀಫನ ಆಸ್ಥಾನಕ್ಕೆ ತರುತ್ತಾನೆ. ಬದಲಿಗೆ ಖಲೀಫನ ಮಗಳು ದಿನಾರ್ಜಾದೆ ಬೇಕು ಅನ್ನುತ್ತಾನೆ. ಅಡ್ಡ ಬಂದ ಅವಳ ಅಣ್ಣ ಅಖ್ಮೆದ್‌ನನ್ನು ಕುದುರೆ ಹತ್ತಿಸಿ ಆಕಾಶಕ್ಕೆ ಕಳಿಸಿಬಿಡುತ್ತಾನೆ. ಇಳಿಯುವುದು ಹೇಗೆ ಅಂತ ಮಾತ್ರ ಹೇಳಿಕೊಡುವುದಿಲ್ಲ. ರಾಜಕುಮಾರ ಎಲ್ಲೋ ದೂರದ ವಾಕ್‌ವಾಕ್ ದ್ವೀಪಕ್ಕೆ ಹೋಗಿ ಇಳಿಯುತ್ತಾನೆ. ಅಲ್ಲಿನ ರಾಣಿ ಪೆರಿ ಬಾನು, ಚೀನಾದ ಚಕ್ರವರ್ತಿ, ಅಗ್ನಿಪರ್ವತದ ಮಾಟಗಾತಿ, ಅಲ್ಲಾದೀನ ಮತ್ತು ಅವನ ದೀಪ, ಎಲ್ಲ ಬಂದು ಸೇರಿಕೊಳ್ಳುತ್ತವೆ. ಸುಮಾರು 65 ನಿಮಿಷದ ಚಿತ್ರ. ಸೆಕೆಂಡಿಗೆ 24 ಚೌಕಟ್ಟು ಅಂತ ಲೆಕ್ಕ ಹಾಕಿದರೆ 93,600 ಆಗುತ್ತೆ. ಅಷ್ಟೂ ಸಲ ಯಾರೋ ಬಗ್ಗಿ, ಒಂದು ಕಾಗದದ ಕೈಯನ್ನೋ ಕಾಲನ್ನೋ ಕೂದಲೆಳೆಯಷ್ಟು ಸರಿಸಿ, ಕೈ ಹಿಂದೆ ತೆಗೆದುಕೊಂಡು, ಒಂದು ಫೋಟೋ ತೆಗೆದಿದ್ದಾರೆ.

ಈ ಲೆಕ್ಕವನ್ನು ಓದುವುದು ಸುಲಭ. ಅದರ ಅರ್ಥ ಏನು ಅಂತ ನನಗೆ ಗೊತ್ತಾಗಿದ್ದು ಮಳೆ ನಿಲ್ಲದ ಆ ಭಾನುವಾರ, ನಾವಿಬ್ಬರೂ ಅದನ್ನು ಮಾಡಲು ಹೋದಾಗ.

ಅವಳ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಲು ಬರಲಿಲ್ಲ, ಬಾ ತೋರಿಸ್ತೀನಿ ಅಂದೆ. ಟೀಪಾಯಿಯ ಗಾಜು ತೆಗೆದು ಎರಡು ಕುರ್ಚಿಗಳ ಮಧ್ಯೆ ಇಟ್ಟೆವು. ಕೆಳಗೆ ಎಲ್‌ಇಡಿ ಲೈಟು, ಬೆಳಕು ಮೇಲಕ್ಕೆ. ಗಾಜಿನ ಮೇಲೆ ಅಡುಗೆಮನೆಯ ಬಟರ್ ಪೇಪರ್, ಬೆಳಕು ಒಂದೇ ಸಮ ಹರಡಲಿ ಅಂತ. ಅದರ ಮೇಲೆ ಕಪ್ಪು ಚಾರ್ಟ್ ಪೇಪರಿನಲ್ಲಿ ಕತ್ತರಿಸಿದ ಹುಡುಗಿ. ಮೇಲಿನಿಂದ ನೇರ ಕೆಳಕ್ಕೆ ನೋಡುವ ಹಾಗೆ ಮೊಬೈಲ್ ಕಟ್ಟಿದೆವು. ಮೂಲದಲ್ಲಿ ರೈನಿಗರ್ ಮಾಡಿದ್ದೂ ಇದನ್ನೇ: ಕೆಳಗೆ ದೀಪ, ಮಧ್ಯೆ ಗಾಜು, ಮೇಲೆ ಕ್ಯಾಮೆರಾ.

ಇಲ್ಲಿ ಒಂದು ಜಾಣತನ ಇದೆ. ನಮ್ಮ ತೊಗಲುಗೊಂಬೆ ಆಟದಲ್ಲಿ ಪರದೆ ನೆಟ್ಟಗೆ ನಿಂತಿರುತ್ತೆ, ಗೊಂಬೆಗೆ ಕಡ್ಡಿ ಕಟ್ಟಿ ಆಡಿಸುವವರು ಹಿಡಿದೇ ಇರಬೇಕು. ಕೈ ಬಿಟ್ಟರೆ ಗೊಂಬೆ ಕುಸಿಯುತ್ತೆ. ರೈನಿಗರ್ ಆ ಪರದೆಯನ್ನು ಮಲಗಿಸಿಬಿಟ್ಟಳು. ಮಲಗಿರುವ ಗೊಂಬೆಗೆ ಬೀಳುವ ಭಯ ಇಲ್ಲ. ಕೈ ಎತ್ತಿಟ್ಟರೆ ಎತ್ತೇ ಇರುತ್ತೆ, ಹಾರುವ ಕುದುರೆ ಗಾಳಿಯಲ್ಲಿ ನಿಂತೇ ಇರುತ್ತೆ. ಕಡ್ಡಿ ಬೇಡ, ದಾರ ಬೇಡ. ಎಂಟು ಜನ ದೆವ್ವಗಳನ್ನು ಇಬ್ಬರೇ ಆಡಿಸಬಹುದು, ಯಾಕಂದರೆ ಅವೆಲ್ಲ ತಮ್ಮ ಸರದಿಗೆ ಕಾಯುತ್ತವೆ.

ನಾವು ನಾಲ್ಕು ಸೆಕೆಂಡಿನ ನಡಿಗೆ ಮಾಡೋಣ ಅಂದುಕೊಂಡೆವು. ಸೆಕೆಂಡಿಗೆ 12 ಫೋಟೋ ಸಾಕು ಅಂತ ನಿರ್ಧಾರ, ಒಟ್ಟು 48. ಒಂದೂವರೆ ಗಂಟೆ ಆಯಿತು. ಓಡಿಸಿ ನೋಡಿದರೆ ನಾಚಿಕೆ ಆಗುವ ಹಾಗಿತ್ತು.

ಮೊದಲನೇ ತಪ್ಪು, ಚಿತ್ರ ಟ್ಯೂಬ್‌ಲೈಟ್ ಕೆಟ್ಟ ಹಾಗೆ ಮಿಣಮಿಣ ಅನ್ನುತ್ತಿತ್ತು. ಮೊಬೈಲು ಪ್ರತಿ ಫೋಟೋಗೂ ಬೆಳಕನ್ನು ಹೊಸದಾಗಿ ಅಳೆದುಕೊಳ್ಳುತ್ತೆ. ಹುಡುಗಿಯ ಕೈ ಸ್ವಲ್ಪ ಚಾಚಿ ಕಪ್ಪು ಜಾಸ್ತಿಯಾದರೆ ಇಡೀ ಚಿತ್ರವನ್ನು ಬೆಳಗಿಸಿಬಿಡುತ್ತೆ. ಎಕ್ಸ್‌ಪೋಷರ್ ಲಾಕ್ ಮಾಡಿದ ಮೇಲೆ ಸರಿಹೋಯಿತು. ಎರಡನೇದು, ಸಂಜೆಯ ಹೊತ್ತಿಗೆ ಚಾರ್ಟ್ ಪೇಪರ್ ಮೆಲ್ಲಗೆ ಸುರುಳಿಯಾಗಿ ಎದ್ದಿತ್ತು. ಗಾಜಿಗೆ ಅಂಟದೆ ಎರಡು ಮಿಲಿಮೀಟರ್ ಎದ್ದರೂ ಸಾಕು, ಅಡಿಯಿಂದ ಬೆಳಕು ನುಗ್ಗಿ ಅಂಚು ಬೂದುಬಣ್ಣಕ್ಕೆ ತಿರುಗುತ್ತೆ, ಚೂಪಾದ ಮೂಗು ಮೊಂಡಾಗುತ್ತೆ. ರೈನಿಗರ್ ತನ್ನ ಗೊಂಬೆಗಳಲ್ಲಿ ರಟ್ಟಿನ ಜೊತೆ ತೆಳುವಾದ ಸೀಸದ ಹಾಳೆ ಸೇರಿಸುತ್ತಿದ್ದಳು ಅಂತ ಓದಿದಾಗ ಇದು ಯಾಕಪ್ಪಾ ಅನ್ನಿಸಿತ್ತು. ಈಗ ಗೊತ್ತಾಯಿತು. ತೂಕ ಇದ್ದರೆ ಗೊಂಬೆ ಗಾಜಿಗೆ ಅಂಟಿ ಮಲಗುತ್ತೆ, ಇಟ್ಟ ಜಾಗ ಬಿಟ್ಟು ಕದಲುವುದಿಲ್ಲ.

ಮೂರನೇ ತಪ್ಪು ದೊಡ್ಡದು. ನಮ್ಮ ಹುಡುಗಿ ನಡೆಯುತ್ತಿರಲಿಲ್ಲ, ಮಂಜಿನ ಮೇಲೆ ಜಾರುತ್ತಿದ್ದಳು. ಕಾಲು ಆಡುತ್ತಿತ್ತು, ಮೈಯೂ ಮುಂದಕ್ಕೆ ಹೋಗುತ್ತಿತ್ತು, ಎರಡಕ್ಕೂ ಸಂಬಂಧ ಇರಲಿಲ್ಲ. ನೆಲದ ಮೇಲೆ ಊರಿದ ಪಾದ ಅಲ್ಲೇ ಇರಬೇಕು, ಅದರ ಮೇಲೆ ಮೈ ದಾಟಿ ಹೋಗಬೇಕು. ಜೊತೆಗೆ, ಒಂದು ಕಾಲು ಇನ್ನೊಂದನ್ನು ದಾಟುವಾಗ ಮೈ ಸ್ವಲ್ಪ ಎತ್ತರಕ್ಕೆ ಏರಬೇಕು, ಎರಡೂ ಪಾದ ಅಗಲಕ್ಕೆ ಊರಿದಾಗ ಸ್ವಲ್ಪ ಇಳಿಯಬೇಕು. ಈ ಏರಿಳಿತ ಇಲ್ಲದಿದ್ದರೆ ಮೈಗೆ ತೂಕವೇ ಇರುವುದಿಲ್ಲ. ಎರಡನೇ ಪ್ರಯತ್ನದಲ್ಲಿ ಊರಿದ ಪಾದದ ಜಾಗಕ್ಕೆ ಬಟರ್ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಚುಕ್ಕಿ ಇಟ್ಟುಕೊಂಡೆವು. ಆಗ ಅವಳು ನಡೆದಳು. ಕುಂಟುತ್ತಾ, ಆದರೂ ನಡೆದಳು.

ಇಷ್ಟೆಲ್ಲ ಆದಮೇಲೆ ನಾನು ಕೇಳಿದೆ, ಈಗ ಇವಳನ್ನು ನಮ್ಮ ಕಡೆ ತಿರುಗಿಸು ನೋಡೋಣ. ಅವಳು ಕಪ್ಪು ಪೇಪರಿನಲ್ಲಿ ಎದುರುಮುಖದ ತಲೆ ಕತ್ತರಿಸಿದಳು. ಗಾಜಿನ ಮೇಲೆ ಇಟ್ಟಳು. ಒಂದು ಕಪ್ಪು ಉಂಡೆ, ಅಷ್ಟೇ. ಮೂಗಿಲ್ಲ, ಬಾಯಿಲ್ಲ, ನಗ್ತಿದ್ದಾಳೋ ಅಳ್ತಿದ್ದಾಳೋ ಗೊತ್ತಿಲ್ಲ. ಬೆಳಕು ಹಿಂದಿನಿಂದ ಬಂದಾಗ ಒಳಗಿರುವುದು ಯಾವುದೂ ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತೆ. ಅಂಚಿನಲ್ಲಿ ಏನಾದರೂ ಇರಬೇಕಂದರೆ ಮುಖ ಪಕ್ಕಕ್ಕೆ ತಿರುಗಲೇಬೇಕು. "ಓಹ್, ಅದಕ್ಕೇನಾ" ಅಂದಳು. ಅದಕ್ಕೇ.

ತೊಗಲುಗೊಂಬೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ನಮ್ಮ ಗೊಂಬೆಗಳ ಚರ್ಮ ಹದ ಮಾಡಿದಾಗ ಬೆಳಕು ಒಳಗಿಂದ ಹಾಯುವಷ್ಟು ತೆಳುವಾಗುತ್ತೆ, ಅದಕ್ಕೆ ಬಣ್ಣ ಹಚ್ಚುತ್ತಾರೆ. ಹಾಗಾಗಿ ರಾವಣನ ಕಣ್ಣು ಕಾಣುತ್ತೆ, ಸೀತೆಯ ಸೀರೆಯ ಕೆಂಪು ಕಾಣುತ್ತೆ. ರೈನಿಗರ್‌ಳ ಕಾಗದ ಬೆಳಕನ್ನು ಪೂರ್ತಿ ತಡೆಯುತ್ತೆ. ಅವಳಿಗೆ ಕಣ್ಣೂ ಇಲ್ಲ, ಬಣ್ಣವೂ ಇಲ್ಲ. ಕತ್ತರಿಯ ತುದಿಯಲ್ಲಿ ಏನು ಸಿಗುತ್ತೋ ಅಷ್ಟೇ.

ಅಷ್ಟರಲ್ಲೇ ಅವಳು ಮಾಡಿದ್ದು ನೋಡಿ. ಅಖ್ಮೆದ್ ವಾಕ್‌ವಾಕ್ ದ್ವೀಪದಲ್ಲಿ ಕೊಳದ ಪಕ್ಕ ಅಡಗಿ ಕೂತಿರುತ್ತಾನೆ. ಪೆರಿ ಬಾನು ಮತ್ತು ಸಖಿಯರು ಹಕ್ಕಿಗಳಾಗಿ ಹಾರಿ ಬಂದು, ಗರಿಯ ಉಡುಗೆ ಕಳಚಿ ನೀರಿಗೆ ಇಳಿಯುತ್ತಾರೆ. ಮುಖದಲ್ಲಿ ಭಾವ ತೋರಿಸಲು ಸಾಧ್ಯವಿಲ್ಲದ ಕಡೆ ಎಲ್ಲವೂ ಕುತ್ತಿಗೆಯಲ್ಲಿ, ಮಣಿಕಟ್ಟಿನಲ್ಲಿ ನಡೆಯುತ್ತೆ. ಹೆದರಿದಾಗ ಅವಳ ತಲೆ ಹಿಂದಕ್ಕೆ ಹೋಗುವುದಿಲ್ಲ, ಮೊದಲು ಭುಜ ಹೋಗುತ್ತೆ, ತಲೆ ಅರೆಕ್ಷಣ ತಡವಾಗಿ ಹಿಂಬಾಲಿಸುತ್ತೆ. ಆ ತಡ ಇದೆಯಲ್ಲ, ಅದೇ ಹೆದರಿಕೆ. ನಾವು 48 ಫೋಟೋ ತೆಗೆಯುವಾಗ ಎಲ್ಲ ಕೀಲುಗಳನ್ನೂ ಒಟ್ಟಿಗೆ ಸರಿಸುತ್ತಿದ್ದೆವು, ಅದಕ್ಕೇ ನಮ್ಮ ಹುಡುಗಿ ಕವಾಯತು ಮಾಡುವ ಪೊಲೀಸಿನ ಹಾಗೆ ಇದ್ದಳು.

ಇನ್ನೊಂದು ಕಷ್ಟ ಇದೆ. ಕಪ್ಪಿನ ಮೇಲೆ ಕಪ್ಪು ಬಿದ್ದರೆ ಎರಡೂ ಮಾಯ. ಇಬ್ಬರು ಪಕ್ಕಪಕ್ಕ ನಿಂತು ಒಬ್ಬರ ಕೈ ಇನ್ನೊಬ್ಬರ ಎದೆಯ ಮುಂದೆ ಬಂತು ಅಂದರೆ ಆ ಕೈ ಕತೆಯಿಂದಲೇ ಹೊರಟುಹೋಯಿತು. ಹಾಗಾಗಿ ಇಡೀ ಚಿತ್ರದಲ್ಲಿ ಮೈ ಮೈಗಳ ನಡುವೆ ಬೆಳಕಿನ ಒಂದು ಸಣ್ಣ ಸಂದು ಬಿಟ್ಟೇ ಇರುತ್ತಾಳೆ. ಒಮ್ಮೆ ಗಮನಿಸಲು ಶುರುಮಾಡಿದರೆ ಮತ್ತೆ ನಿಮಗೆ ಬೇರೇನೂ ಕಾಣುವುದಿಲ್ಲ. ಪ್ರೇಮಿಗಳು ಹತ್ತಿರ ಬರುವಾಗ ಆ ಸಂದು ಕಿರಿದಾಗುತ್ತಾ ಹೋಗುತ್ತೆ. ಅಪ್ಪಿಕೊಂಡಾಗ ಸಂದು ಮುಚ್ಚಿ ಇಬ್ಬರೂ ಒಂದೇ ಆಕಾರ ಆಗುತ್ತಾರೆ. ಮಾಧ್ಯಮದ ಕೊರತೆಯನ್ನೇ ಅವಳು ಕತೆಯ ಮಾತಾಗಿ ಮಾಡಿಕೊಂಡಿದ್ದಾಳೆ. ಎಲ್ಲ ಕಡೆ ಇದು ಗೆದ್ದಿಲ್ಲ ಅನ್ನೋದನ್ನೂ ಹೇಳಬೇಕು. ಕೊನೆಯ ಯುದ್ಧದಲ್ಲಿ ದೆವ್ವಗಳ ಹಿಂಡು ಒಬ್ಬರ ಮೇಲೊಬ್ಬರು ಬಿದ್ದಾಗ ತೆರೆಯ ಮೇಲೆ ಕಪ್ಪು ರಾಶಿ ಕದಲುವುದಷ್ಟೇ ಕಾಣುತ್ತೆ. ಯಾರು ಯಾರನ್ನು ಹೊಡೆದರು ಅಂತ ತಿಳಿಯಲು ನಾನು ಎರಡು ಸಲ ನಿಲ್ಲಿಸಿ ಹಿಂದಕ್ಕೆ ಹೋಗಬೇಕಾಯಿತು.

ಹಾಗಾದರೆ ಬರೀ ಕಪ್ಪು ಬಿಳುಪಿನಲ್ಲಿ ಸಮುದ್ರ, ಬೆಟ್ಟ, ಮಂಜು ಎಲ್ಲ ಎಲ್ಲಿಂದ ಬಂತು? ಪದರಗಳಿಂದ. ಇದನ್ನೂ ಮನೆಯಲ್ಲಿ ಮಾಡಿ ನೋಡಬಹುದು. ಬಟರ್ ಪೇಪರನ್ನು ಬೆಟ್ಟದ ಆಕಾರಕ್ಕೆ ಹರಿದು ಬೆಳಕಿನ ಮೇಲೆ ಒಂದು ಪದರ ಇಡಿ, ತಿಳಿ ಬೂದು. ಅದರ ಮೇಲೆ ಇನ್ನೊಂದು ಬೆಟ್ಟ, ಸ್ವಲ್ಪ ಕೆಳಗೆ ಸರಿಸಿ ಇಡಿ. ಎರಡೂ ಸೇರಿದ ಕಡೆ ಬೂದು ಗಾಢವಾಗುತ್ತೆ. ಮೂರನೇದು ಇನ್ನೂ ಗಾಢ. ದೂರದ ಬೆಟ್ಟ ತಿಳಿಯಾಗಿ, ಹತ್ತಿರದ್ದು ದಟ್ಟವಾಗಿ ಕಾಣುವುದು ನಾವು ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವ ಹಾಗೆಯೇ. ಮೂರು ತುಂಡು ಕಾಗದದಲ್ಲಿ ಹತ್ತು ಮೈಲಿಯ ದೂರ ಬಂದುಬಿಡುತ್ತೆ.

ಅದರ ಮುಂದಿನ ಹೆಜ್ಜೆ, ಒಂದು ಗಾಜಿನ ಬದಲು ಒಂದರ ಮೇಲೊಂದು ಗಾಜು. ಕೆಳಗಿನ ಗಾಜಿನಲ್ಲಿ ಹಿನ್ನೆಲೆ, ಮೇಲಿನದರಲ್ಲಿ ಗೊಂಬೆ. ಕ್ಯಾಮೆರಾ ಮೇಲಿನ ಗಾಜಿಗೆ ಫೋಕಸ್ ಮಾಡಿದಾಗ ಕೆಳಗಿನದು ತಾನಾಗಿ ಮಸುಕಾಗುತ್ತೆ. ಪ್ರತಿ ಫೋಟೋಗೂ ಹತ್ತಿರದ ಮರವನ್ನು ಮೂರು ಮಿಲಿಮೀಟರ್, ದೂರದ ಬೆಟ್ಟವನ್ನು ಒಂದೇ ಮಿಲಿಮೀಟರ್ ಸರಿಸಿದರೆ ಓಡುವ ರೈಲಿನಲ್ಲಿ ಕೂತ ಹಾಗೆ ಆಗುತ್ತೆ. ಹೀಗೆ ಪದರ ಪದರವಾಗಿ ಜೋಡಿಸುವ ಕ್ಯಾಮೆರಾಕ್ಕೆ ಡಿಸ್ನಿಯವರು 1937ರ 'ದಿ ಓಲ್ಡ್ ಮಿಲ್' ಎಂಬ ಕಿರುಚಿತ್ರದಿಂದ ಹೆಸರು ಮಾಡಿದರು. ಅಟ್ಟದ ಮೇಲಿನ ಈ ತಂಡ ಅದಕ್ಕಿಂತ ಹತ್ತು ವರ್ಷಕ್ಕೂ ಮುಂಚೆ ಆ ದಾರಿಯಲ್ಲಿ ನಡೆದಿತ್ತು.

ಈ ಪದರಗಳಲ್ಲಿ ಅವಳ ಜೊತೆ ಇನ್ನಿಬ್ಬರ ಕೈ ಇದೆ. ಬರ್ಟೋಲ್ಡ್ ಬಾರ್ಟೋಷ್ ಸಮುದ್ರದ ಅಲೆಗಳನ್ನು ಮಾಡಿಕೊಟ್ಟ. ವಾಲ್ಟರ್ ರುಟ್ಮನ್ ಮಾಟ ಮಂತ್ರಗಳನ್ನು ಮಾಡಿಕೊಟ್ಟ. ಹೊಗೆ, ಬೆಂಕಿ, ಆಕಾರವಿಲ್ಲದ ಬೆಳಕು. ರುಟ್ಮನ್ ಆಗಲೇ ಆಕಾರಗಳನ್ನಷ್ಟೇ ಕುಣಿಸುವ ಅಮೂರ್ತ ಚಿತ್ರಗಳನ್ನು ಮಾಡಿದ್ದವನು, ರಾಜಕುಮಾರ ರಾಜಕುಮಾರಿ ಕತೆಗಳಲ್ಲಿ ಅವನಿಗೆ ದೊಡ್ಡ ಆಸಕ್ತಿ ಇರಲಿಲ್ಲ. ಆದರೂ ಈ ಜೋಡಣೆ ಯಾಕೆ ಕೆಲಸ ಮಾಡುತ್ತೆ ಅಂದರೆ, ರೈನಿಗರ್‌ಳ ಗೊಂಬೆಗಳು ಪೂರ್ತಿ ಅಂಚು, ರುಟ್ಮನ್‌ನ ಹೊಗೆಗೆ ಅಂಚೇ ಇಲ್ಲ. ಮಾಂತ್ರಿಕ ಕೈ ಆಡಿಸಿದಾಗ ಚೂಪಾದ ಕಪ್ಪು ಬೆರಳುಗಳ ಸುತ್ತ ಅಂಚಿಲ್ಲದ ಬೆಳಕು ಸುತ್ತಿಕೊಳ್ಳುತ್ತೆ. ಮಾಟ ಈ ಲೋಕದ್ದಲ್ಲ ಅಂತ ಯಾರೂ ಹೇಳಬೇಕಾಗಿಲ್ಲ, ಕಣ್ಣಿಗೇ ಗೊತ್ತಾಗುತ್ತೆ.

ಈಗ ಆ ಕಿರಿಕಿರಿಗೆ ಬರುತ್ತೇನೆ.

ಎಲ್ಲವೂ ಅಂಚಿನಲ್ಲೇ ಇರಬೇಕು ಅಂದಮೇಲೆ ಒಳ್ಳೆಯವರು ಯಾರು, ಕೆಟ್ಟವರು ಯಾರು ಅನ್ನೋದೂ ಅಂಚಿನಲ್ಲೇ ಇರಬೇಕು. ಚಿತ್ರ ಶುರುವಾಗುವುದೇ ಪಾತ್ರಗಳ ಪರಿಚಯದಿಂದ. ಒಬ್ಬೊಬ್ಬರೇ ಬಂದು ನಿಲ್ಲುತ್ತಾರೆ. ಅಖ್ಮೆದ್‌ನ ಮೂಗು ನೇರ, ಸೊಂಟ ತೆಳು. ಪೆರಿ ಬಾನುವಿನ ಕತ್ತು ಹಂಸದ್ದು. ಮಾಂತ್ರಿಕನ ಬೆನ್ನು ಬಾಗಿದೆ, ಮೂಗು ಕೊಕ್ಕೆ, ಬೆರಳುಗಳು ಜೇಡದ ಕಾಲಿನ ಹಾಗೆ. ಚಿತ್ರ ಅವನನ್ನು ಕರೆಯುವುದು 'ಆಫ್ರಿಕದ ಮಾಂತ್ರಿಕ' ಅಂತ. ಚೀನಾದ ಚಕ್ರವರ್ತಿ ಬಂದಾಗಲೂ ಅಷ್ಟೇ, ಅವನನ್ನು ನೋಡಿ ನಗಬೇಕು ಅಂತ ಅವನ ಹೊಟ್ಟೆಯೇ ಹೇಳುತ್ತೆ. ಅವರು ಇನ್ನೂ ಏನೂ ಮಾಡಿರುವುದಿಲ್ಲ. ತೀರ್ಪು ಆಗಲೇ ಆಗಿಹೋಗಿದೆ.

ಆ ಕಾಲದಲ್ಲಿ ಹಾಗೇ ಇತ್ತು ಬಿಡಿ ಅಂತ ದಾಟಿ ಹೋಗಬಹುದು. ನನಗೆ ಹಾಗೆ ದಾಟಲು ಆಗುವುದಿಲ್ಲ, ಯಾಕಂದರೆ ಇದು ಕಾಲದ ತಪ್ಪು ಮಾತ್ರ ಅಲ್ಲ, ಈ ಮಾಧ್ಯಮದ ಇಳಿಜಾರೂ ಹೌದು. ಮುಖದ ಪಕ್ಕದ ನೆರಳನ್ನು ಕತ್ತರಿಸುವ ಕಲೆ ಯುರೋಪಿನಲ್ಲಿ 18ನೇ ಶತಮಾನದಲ್ಲಿ ದೊಡ್ಡ ಹುಚ್ಚಾಗಿ ಹಬ್ಬಿತ್ತು. ಆಗಲೇ ಲಾವಾಟರ್ ಎಂಬ ಸ್ವಿಸ್ ಪಾದ್ರಿ ಇಂಥ ನೆರಳುಚಿತ್ರಗಳ ಹಣೆ, ಮೂಗು, ಗಲ್ಲ ನೋಡಿ ಮನುಷ್ಯನ ಗುಣ ಹೇಳಬಹುದು ಅಂತ ದಪ್ಪ ದಪ್ಪ ಪುಸ್ತಕ ಬರೆದ. ಜನ ನಂಬಿದರು. ನೆರಳಿನಲ್ಲಿ ಬೇರೆ ಏನೂ ಕಾಣುವುದಿಲ್ಲವಲ್ಲ, ಹಾಗಾಗಿ ಕಾಣುವ ಒಂದು ಗೆರೆಗೆ ಎಲ್ಲ ಅರ್ಥವನ್ನೂ ಹೊರಿಸುವ ಆಸೆ ಬರುತ್ತೆ. ಕೊಕ್ಕೆ ಮೂಗನ್ನು ಕತ್ತರಿಸಿ ಗಾಜಿನ ಮೇಲಿಟ್ಟ ಕ್ಷಣವೇ ನೋಡುವವರ ತಲೆಯಲ್ಲಿ ಹಳೆಯ ಕತೆಗಳೆಲ್ಲ ಓಡಿಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಕಲಾವಿದೆ ಏನೂ ಹೇಳಬೇಕಾಗಿಲ್ಲ.

ಇದು ಚಿಕ್ಕ ವಿಷಯ ಅಲ್ಲ ಅನ್ನೋದಕ್ಕೆ ಚಿತ್ರದ ಸುತ್ತಲಿನ ಇತಿಹಾಸವೇ ಸಾಕ್ಷಿ. 1926ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಇದು ಮೊದಲ ಬಾರಿ ತೆರೆ ಕಂಡಿತು. ಅದಾಗಿ ಹತ್ತು ವರ್ಷ ಆಗುವುದರೊಳಗೆ ಅದೇ ದೇಶದಲ್ಲಿ ಮೂಗಿನ ಆಕಾರ ತೋರಿಸಿ ನೆರೆಮನೆಯವರನ್ನು ದ್ವೇಷಿಸಲು ಕಲಿಸುವ ಚಿತ್ರಗಳು ಪತ್ರಿಕೆ ಮತ್ತು ಶಾಲೆಗಳಿಗೆ ಬಂದಿದ್ದವು. ಈ ಚಿತ್ರಕ್ಕೆ ದುಡ್ಡು ಹಾಕಿದ ಹಾಗೆನ್ ಯಹೂದಿ. ರೈನಿಗರ್ ಮತ್ತು ಕೋಖ್ ಕೂಡ ಆ ಜರ್ಮನಿಯನ್ನು ಒಪ್ಪದೆ ಬಿಟ್ಟು ಹೊರಟವರು. ಅವಳ ಮನಸ್ಸಿನಲ್ಲಿ ದ್ವೇಷ ಇತ್ತು ಅಂತ ನಾನು ಖಂಡಿತ ಹೇಳುತ್ತಿಲ್ಲ. ಒಳ್ಳೆಯ ಮನಸ್ಸು ಇದ್ದವರ ಕತ್ತರಿಯೂ ಸುಲಭದ ದಾರಿಯಲ್ಲೇ ಹೋಗುತ್ತೆ ಅನ್ನುತ್ತಿದ್ದೇನೆ ಅಷ್ಟೇ.

ಕೊಳದ ದೃಶ್ಯದಲ್ಲೂ ಒಂದು ಮುಳ್ಳಿದೆ. ಅಖ್ಮೆದ್ ಪೆರಿ ಬಾನುವಿನ ಗರಿಯ ಉಡುಗೆಯನ್ನು ಕದಿಯುತ್ತಾನೆ, ಅವಳು ಹಾರಿಹೋಗದ ಹಾಗೆ. ಆಮೇಲೆ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಅವಳು ಬೇಡ ಅನ್ನುವುದು ನಮಗೆ ಸ್ಪಷ್ಟ ಕಾಣುತ್ತೆ, ಕತ್ತು ಮಣಿಕಟ್ಟುಗಳಲ್ಲೇ ಎಲ್ಲವನ್ನೂ ಹೇಳುವ ಕಲಾವಿದೆ ಇದನ್ನೂ ಚೆನ್ನಾಗಿಯೇ ಹೇಳಿದ್ದಾಳೆ. ಸ್ವಲ್ಪ ಹೊತ್ತಿಗೆ ಅವಳು ಪ್ರೀತಿಸಲು ಶುರುಮಾಡುತ್ತಾಳೆ. ಹೇಗೆ? ಅವನ ಮೂಗು ನೇರ ಇದೆ, ಹಾಗಾಗಿ. ಮಾಂತ್ರಿಕ ದಿನಾರ್ಜಾದೆಯನ್ನು ಕೇಳಿದರೆ ಅಪರಾಧ, ರಾಜಕುಮಾರ ಪೆರಿ ಬಾನುವನ್ನು ಹೊತ್ತುಕೊಂಡು ಹೋದರೆ ಪ್ರೇಮ. ಇಬ್ಬರ ನಡುವಿನ ವ್ಯತ್ಯಾಸವನ್ನು ಚಿತ್ರದಲ್ಲಿ ಹುಡುಕಿದರೆ ಅಂಚು ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ.

ಇಷ್ಟಾದರೂ ಈ ಚಿತ್ರವನ್ನು ನಾನು ಕೈಬಿಡಲು ಆಗದೆ ಇರುವುದು ಒಂದು ಪಾತ್ರದಿಂದ. ಅಗ್ನಿಪರ್ವತದ ಮಾಟಗಾತಿ. ಬೆಟ್ಟದ ಮೇಲೆ ಬಂಡೆಯ ಕೆಳಗೆ ಸಿಕ್ಕಿಬಿದ್ದ ಅಖ್ಮೆದ್‌ನ ಹತ್ತಿರ ಅವಳು ಬರುತ್ತಾಳೆ. ಮಾಂತ್ರಿಕನಿಗೆ ಇರುವುದಕ್ಕಿಂತ ವಿಕಾರ ಆಕಾರ ಅವಳದು. ಗಿಡ್ಡ, ದಪ್ಪ, ಉಬ್ಬಿದ ಮುಖ, ಚಿತ್ರದುದ್ದಕ್ಕೂ ನಾವು ಕಲಿತ ಪಾಠದ ಪ್ರಕಾರ ಇವಳು ರಾಕ್ಷಸಿ. ನಾನು ಮೊದಲ ಸಲ ನೋಡಿದಾಗ ರಾಜಕುಮಾರನ ಕತೆ ಮುಗೀತು ಅಂದುಕೊಂಡಿದ್ದೆ. ಅವಳು ಬಂಡೆ ಸರಿಸುತ್ತಾಳೆ. ಅಲ್ಲಿಂದ ಮುಂದೆ ಈ ಕತೆ ನಡೆಯುವುದೇ ಅವಳಿಂದ. ಪೆರಿ ಬಾನುವನ್ನು ಚೀನಾದಿಂದ ಬಿಡಿಸಲು ಅವಳ ಸಹಾಯ ಬೇಕು, ಮಾಂತ್ರಿಕನನ್ನು ಎದುರಿಸಿ ದೀಪ ತರಲು ಅವಳೇ ಬೇಕು, ಕೊನೆಯ ಯುದ್ಧ ಗೆಲ್ಲಲೂ ಅವಳೇ. ನೇರ ಮೂಗಿನ ರಾಜಕುಮಾರ ಹೆಚ್ಚು ಕಡಿಮೆ ಪ್ರೇಕ್ಷಕ.

ಅವಳ ಮತ್ತು ಮಾಂತ್ರಿಕನ ದ್ವಂದ್ವಯುದ್ಧ ಇಡೀ ಚಿತ್ರದ ಅತ್ಯುತ್ತಮ ಭಾಗ. ಇಬ್ಬರೂ ಕ್ಷಣಕ್ಕೊಂದು ರೂಪ ತಾಳುತ್ತಾರೆ: ಸಿಂಹ, ಹಾವು, ಚೇಳು, ಹುಂಜ. ಇಲ್ಲಿ ಕಾಗದದ ಮಾಧ್ಯಮ ಮಾಡುವ ಕೆಲಸವನ್ನು ಬೇರೆ ಯಾವುದೂ ಇಷ್ಟು ಸಲೀಸಾಗಿ ಮಾಡಲಾರದು. ಕಪ್ಪು ಆಕಾರ ಕರಗಿ ಇನ್ನೊಂದು ಕಪ್ಪು ಆಕಾರ ಆಗುವುದಕ್ಕೆ ಚರ್ಮ, ಕೂದಲು, ಬಣ್ಣ ಯಾವುದೂ ಬದಲಾಗಬೇಕಿಲ್ಲ, ಅಂಚು ಬದಲಾದರೆ ಸಾಕು. ಆ ಎರಡು ಮೂರು ನಿಮಿಷ, ಒಂದು ಗಂಟೆ ಕಾಲ ಮನುಷ್ಯರ ಗುಣದ ಗುರುತಾಗಿದ್ದ ಅದೇ ಅಂಚು ತೊಟ್ಟು ಕಳಚುವ ಬಟ್ಟೆಯಷ್ಟು ಹಗುರ ಆಗಿಬಿಡುತ್ತೆ. ಹುಂಜದ ಅಂಚಿನೊಳಗೆ ಮಾಟಗಾತಿಯೂ ಇರಬಹುದು, ಮಾಂತ್ರಿಕನೂ ಇರಬಹುದು. ಅವರು ಏನು ಮಾಡುತ್ತಾರೆ ಅನ್ನೋದನ್ನು ನೋಡಿಯೇ ಹೇಳಬೇಕು. ರೈನಿಗರ್ ಇದನ್ನು ಬೇಕಂತಲೇ ಮಾಡಿದಳೋ, ಕತೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಯಿತೋ, ಎರಡೂ ಒಂದೇ. ಚಿತ್ರ ತಾನೇ ಹೇಳಿಕೊಟ್ಟ ಕೆಟ್ಟ ಪಾಠವನ್ನು ಇಲ್ಲಿ ತಾನೇ ಅರ್ಧ ಅಳಿಸುತ್ತೆ. ಅರ್ಧ ಮಾತ್ರ. ಯುದ್ಧದ ಕೊನೆಗೆ ಮಾಂತ್ರಿಕ ಸತ್ತೇ ಹೋಗುತ್ತಾನೆ. ಎರಡು ಸುಂದರ ಜೋಡಿಗಳು ಅರಮನೆಯಲ್ಲಿ ಕೂತು ಮನೆಗೆ ಹೊರಡುತ್ತವೆ. ಎಲ್ಲವನ್ನೂ ಮಾಡಿಕೊಟ್ಟ ಮಾಟಗಾತಿಗೆ ಟಾಟಾ ಹೇಳಿ ಅಲ್ಲೇ ಬಿಟ್ಟು ಹೋಗುತ್ತಾರೆ.

ಈಗ ನಮ್ಮ ಸುತ್ತ ಕಾಗದ ಕತ್ತರಿಸಿ, ಹಿಂದೆ ಬೆಳಕಿಟ್ಟು, ಪುರಾಣದ ಕತೆ ಹೇಳುವ ಕಿರುಚಿತ್ರಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಮಹಾಭಾರತದ ದೃಶ್ಯಗಳನ್ನು ನೋಡುವಾಗ ನಾನು ಈಗ ಒಂದೇ ವಿಷಯ ಹುಡುಕುತ್ತೇನೆ. ಶಕುನಿಯ ಬೆನ್ನು ಬಗ್ಗಿದೆಯಾ? ಹಿಡಿಂಬೆಯ ಹಲ್ಲು ಹೊರಗೆ ಬಂದಿದೆಯಾ? ಬಂದಿದ್ದರೆ ಕಲಾವಿದರು ಕತ್ತರಿಯ ಇಳಿಜಾರಿನಲ್ಲಿ ಜಾರಿದ್ದಾರೆ ಅಂತ ಅರ್ಥ. ಪಗಡೆ ಹಾಸಿನ ಮುಂದೆ ಕೂತಿರುವ ಎರಡೂ ಕಡೆಯವರಿಗೆ ಒಂದೇ ಥರದ ನೇರ ಮೂಗು ಇಟ್ಟು, ಯಾರ ಕೈ ದಾಳದ ಮೇಲೆ ಅರೆಕ್ಷಣ ಜಾಸ್ತಿ ನಿಂತಿತು ಅನ್ನೋದರಲ್ಲೇ ಮೋಸ ತೋರಿಸಿದರೆ, ಅದು ಕಷ್ಟದ ದಾರಿ. ಆದರೆ ಆಗದ ದಾರಿ ಅಲ್ಲ. ಪೆರಿ ಬಾನುವಿನ ಭುಜದ ಹಿಂದೆ ತಲೆ ತಡವಾಗಿ ಹೋಗುವುದನ್ನು ನೋಡಿದವರಿಗೆ ಅದು ಗೊತ್ತು.

ಅಕ್ಕನ ಮಗಳು ಹೊರಡುವ ದಿನ ಬೆಳಿಗ್ಗೆ ಉಳಿದ ಚಾರ್ಟ್ ಪೇಪರ್ ಹಿಡಿದುಕೊಂಡು ಬಂದಳು. ನನಗೆ ಒಂದು ಗೊಂಬೆ ಮಾಡಿಕೊಡು, ತಗೊಂಡು ಹೋಗ್ತೀನಿ. ಯಾರದು, ಪೆರಿ ಬಾನುದಾ ಅಂದೆ.

"ಅಲ್ಲ, ಆ ದಪ್ಪ ಅಜ್ಜಿದು. ಅವಳೇ ತಾನೇ ಎಲ್ಲಾ ಮಾಡಿದ್ದು."

ಕತ್ತರಿಸಿಕೊಟ್ಟೆ. ಮೂಗು ಎಷ್ಟು ಉದ್ದ ಇಡಲಿ ಅಂತ ಕೇಳಿದ್ದಕ್ಕೆ, ನಿನ್ನ ಮೂಗಿನಷ್ಟು ಅಂದಳು.